ಅಮ್ಮನಿಗೆ ಸಹಾಯ ಮಾಡಿದ ಅಕ್ಕ ಯಾರು? ಫೋಟೋ ಹಾಕಿ ಹುಡುಕಬಹುದಾ?

ಮಂಜು, ಹದಡಿ ರಸ್ತೆ

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಅಮ್ಮ ದುರ್ಗದಿಂದ ಬಸ್ಸಿನಲ್ಲಿ ಬಂದು ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಇಳಿದ ತಕ್ಷಣ ತಲೆ ಸುತ್ತಿ ಅಲ್ಲೇ ಕೂತುಬಿಟ್ಟರು. ಶುಗರ್ ಇಳಿದಿತ್ತು. ಒಬ್ಬ ಅಕ್ಕ ಓಡಿ ಹೋಗಿ ಜ್ಯೂಸ್ ತಂದು ಕುಡಿಸಿದ್ದಾರೆ. ಅಮ್ಮನ ಫೋನಿಂದ ನನಗೆ ಕರೆ ಮಾಡಿದ್ದೂ ಅವರೇ. ನಾನು ಬರುವವರೆಗೂ ಪಕ್ಕದಲ್ಲೇ ಕೂತಿದ್ದರು. ಗಡಿಬಿಡಿಯಲ್ಲಿ ಹೆಸರು ಕೇಳಲು ಆಗಲಿಲ್ಲ. ಜ್ಯೂಸಿನ ದುಡ್ಡೂ ತೆಗೆದುಕೊಳ್ಳಲಿಲ್ಲ.

ಅಮ್ಮ ಹುಷಾರಾಗಿದ್ದಾರೆ ಅಂತ ತಂಗಿಗೆ ಕಳಿಸಲು ಒಂದು ಫೋಟೋ ತೆಗೆದಿದ್ದೆ. ಅದರಲ್ಲಿ ಆ ಅಕ್ಕನ ಮುಖ ಚೆನ್ನಾಗಿ ಬಂದಿದೆ. ಅಮ್ಮ ಒಂದೇ ಸಮನೆ "ಆ ಹುಡುಗಿಗೆ ಅರಿಶಿನ ಕುಂಕುಮ ಕೊಟ್ಟು ಒಂದು ಸೀರೆ ಕೊಡಬೇಕು ಕಣೋ" ಅನ್ನುತ್ತಿದ್ದಾರೆ. ಫೋಟೋ ಕೆಳಗಿದೆ. ಗೊತ್ತಿದ್ದವರು ಹೆಸರು ಹೇಳಿ. ಇಲ್ಲದಿದ್ದರೆ ಮುಖ ಹಾಕಿದರೆ ಹೆಸರು ಹೇಳುವ ವೆಬ್‌ಸೈಟುಗಳು ಇವೆಯಂತೆ, ಯಾವುದು ಒಳ್ಳೆಯದು ತಿಳಿಸಿ.

*[ಫೋಟೋ ತೆಗೆಯಲಾಗಿದೆ – ನಿರ್ವಾಹಕರು]*

ಗಡಿಯಾರ ಕಂಬ ಗಿರೀಶ

ಅಯ್ಯೋ, ಇವರನ್ನು ನಾನು ನೋಡಿದ್ದೇನೆ ಗುರು. *[ಅಂಗಡಿಯ ಹೆಸರು, ರಸ್ತೆ ತೆಗೆಯಲಾಗಿದೆ – ನಿರ್ವಾಹಕರು]* ಇಲ್ಲಿ ಬ್ಲೌಸ್ ಹೊಲಿಯುತ್ತಾರೆ. ನೂರಕ್ಕೆ ನೂರು ಇವರೇ.

ಸುಜಾತ ಪಿ.

ಮಗಳ ಮದುವೆಗೆ ಹುಡುಗ ಹುಡುಕುವಾಗ ನಾನೂ ಇದನ್ನು ಮಾಡಿದ್ದೇನೆ ತಮ್ಮ. ಮ್ಯಾಟ್ರಿಮೋನಿ ಆ್ಯಪಿನಲ್ಲಿ ಒಬ್ಬ ಹುಡುಗನ ಫೋಟೋ ನೋಡಿ ಯಾಕೋ ಅನುಮಾನ ಬಂತು. ಗೂಗಲ್ ಲೆನ್ಸಿಗೆ ಹಾಕಿದೆ. ಅದೇ ಫೋಟೋ ಯಾವುದೋ ಶರ್ಟಿನ ಜಾಹೀರಾತಿನಲ್ಲಿ ಇತ್ತು! ಪ್ರೊಫೈಲೇ ಸುಳ್ಳು. ನೀವೂ ಲೆನ್ಸಿಗೆ ಹಾಕಿ, ಸುಲಭ. ಯಾಕೆ ಫೋಟೋ ತೆಗೆದರೋ ಗೊತ್ತಾಗಲಿಲ್ಲ.

ನಿರ್ವಾಹಕರು

ಮಂಜು ಅವರೇ, ಫೋಟೋ ತೆಗೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಆ ಹೆಣ್ಣುಮಗಳು ಒಪ್ಪಿಲ್ಲ. ಗಿರೀಶ್ ಹೇಳಿದ ಅಂಗಡಿ ವಿವರವನ್ನೂ ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ, ಯಾರದ್ದೂ ಹೆಸರು, ವಿಳಾಸ ಬೇಡ.

ಮಂಜು, ಹದಡಿ ರಸ್ತೆ

ಸರ್, ಬೈಯಲು ಹಾಕಿದ್ದಲ್ಲ, ಥ್ಯಾಂಕ್ಸ್ ಹೇಳಲು ಹಾಕಿದ್ದು. ಇದರಲ್ಲಿ ಏನು ತೊಂದರೆ? ಪೇಪರಿನಲ್ಲಿ ದಿನಾ ಎಷ್ಟು ಜನರ ಫೋಟೋ ಬರುತ್ತೆ.

ನೌಷಾದ್ (ಸ್ಟುಡಿಯೋ)

ಸಾರ್ವಜನಿಕ ಜಾಗದಲ್ಲಿ ತೆಗೆದ ಫೋಟೋ. ಅದಕ್ಕೆ ಯಾರ ಪರ್ಮಿಷನ್ನೂ ಬೇಕಿಲ್ಲ. ನಾನು ಇಷ್ಟು ವರ್ಷದಿಂದ ಜಾತ್ರೆ, ತೇರು, ದುಗ್ಗಮ್ಮನ ಹಬ್ಬ ಎಲ್ಲಾ ತೆಗೆದಿದ್ದೇನೆ. ಕಾನೂನು ಏನೂ ಮಾಡಲ್ಲ.

ವಕೀಲರ ಮಗ

ನೌಷಾದಣ್ಣ, ಈಗ ಹಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದಿದೆ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ಅಪ್‌ಲೋಡ್ ಮಾಡಿದರೆ 250 ಕೋಟಿವರೆಗೆ ದಂಡ. ಮಂಜು, ಹುಷಾರು.

ಮಂಜು, ಹದಡಿ ರಸ್ತೆ

250 ಕೋಟಿ?! ನನ್ನ ಹತ್ತಿರ ಬೈಕಿನ ಲೋನ್ ಬಿಟ್ಟರೆ ಏನೂ ಇಲ್ಲ ಸರ್.

ವೇದಾ ಎಸ್.

ಸ್ವಲ್ಪ ತಡೆಯಿರಿ. ನಾನು ಮುಖ ಗುರುತಿಸುವ ಸಾಫ್ಟ್‌ವೇರ್ ಕೆಲಸದಲ್ಲೇ ಹಲವು ವರ್ಷ ಇದ್ದವಳು, ಈಗ ಊರಿಗೆ ಬಂದು ದುರ್ಗದಲ್ಲಿ ಪಾಠ ಮಾಡುತ್ತಿದ್ದೇನೆ. ಇಲ್ಲಿ ನಾಲ್ಕೈದು ಬೇರೆ ಬೇರೆ ವಿಷಯ ಒಟ್ಟಿಗೆ ಕಲಸಿಹೋಗಿವೆ.

ಮೊದಲು ಸುಜಾತಕ್ಕನ ಮಾತು. ನೀವು ಮಾಡಿದ್ದು ಸರಿ ಅಕ್ಕ, ಆದರೆ ಅದು ಬೇರೆ ಕೆಲಸ. ನೀವು ಕೇಳಿದ್ದು "ಈ ಫೋಟೋ ಇನ್ನೆಲ್ಲಾದರೂ ಇದೆಯಾ?" ಅಂತ. ಮಂಜು ಕೇಳುತ್ತಿರುವುದು "ಈ ಮುಖ ಯಾರದು?" ಅಂತ. ಮಂಜು ತೆಗೆದ ಫೋಟೋ ಅವರ ಫೋನಿನಲ್ಲಿ ಹುಟ್ಟಿದ್ದು, ಅದರ ಪ್ರತಿ ಇಂಟರ್ನೆಟ್ಟಿನಲ್ಲಿ ಎಲ್ಲೂ ಇಲ್ಲ. ಹಾಗಾಗಿ ಲೆನ್ಸ್ ತೋರಿಸುವುದು ಅದೇ ಬಣ್ಣದ ಚೂಡಿದಾರ್, ಅದೇ ತರಹದ ಬೆಂಚು, ಅಷ್ಟೇ. ಸಾಮಾನ್ಯ ಜನರ ಮುಖಕ್ಕೆ ಹೆಸರು ಹೇಳುವ ಕೆಲಸವನ್ನು ಗೂಗಲ್ ಬೇಕೆಂತಲೇ ಮಾಡಲ್ಲ.

ಆದರೆ ಒಂದು ವಿಷಯ ಗಮನಿಸಿ. ನಿರ್ವಾಹಕರು ಫೋಟೋ ತೆಗೆದುಹಾಕುವ ಮುಂಚೆ ನಾನು ಅದನ್ನು ನೋಡಿದ್ದೆ. ಆ ಅಕ್ಕನ ಕೊರಳಲ್ಲಿ ಐಡಿ ಕಾರ್ಡಿನ ದಾರ ಇತ್ತು. ಕಾರ್ಡು ತಿರುಗಿಕೊಂಡಿತ್ತು, ದಾರದ ಮೇಲೆ ಸಂಸ್ಥೆಯ ಹೆಸರಿನ ಅರ್ಧ ಅಕ್ಷರಗಳು ಕಾಣುತ್ತಿದ್ದವು. ಲೆನ್ಸಿಗೆ ಮುಖ ಬೇಡ, ಆ ಅಕ್ಷರ ಸಾಕು. ಅದು ಓದಿ ಸಂಸ್ಥೆಯನ್ನು ಹೇಳಿಬಿಡುತ್ತೆ. ನಮ್ಮಂಥ ಊರಿನಲ್ಲಿ ಕೆಲಸ ಮಾಡುವ ಜಾಗ ಗೊತ್ತಾದರೆ ಹೆಸರಿಗೆ ಇನ್ನೊಂದೇ ಫೋನ್ ಕರೆ. ಬ್ಯಾಕ್‌ಗ್ರೌಂಡಿನಲ್ಲಿ ಯಾವ ಊರಿನ ಬಸ್ ನಿಂತಿತ್ತು ಅನ್ನುವುದೂ ಕಾಣುತ್ತಿತ್ತು. ಅಂದರೆ ಯಾರು, ಎಲ್ಲಿ ಕೆಲಸ, ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ, ಮೂರೂ ಒಂದೇ ಫೋಟೋದಲ್ಲಿ ಇತ್ತು.

ನೌಷಾದ್ (ಸ್ಟುಡಿಯೋ)

ಐಡಿ ದಾರ ನಾನೂ ನೋಡಲಿಲ್ಲ ಮೇಡಂ. ಮುಖದ ಮೇಲೆ ಬ್ಲರ್ ಹಾಕಿದ್ದರೂ ಅದು ಉಳಿಯುತ್ತಿತ್ತು. ಆದರೂ ಹೇಳ್ತೀನಿ, ತೆಗೆಯುವುದು ತಪ್ಪಲ್ಲ.

ವೇದಾ ಎಸ್.

ತೆಗೆಯುವುದರ ಬಗ್ಗೆ ನನ್ನ ತಕರಾರಿಲ್ಲ ನೌಷಾದಣ್ಣ. ತೇರಿನ ಫೋಟೋದಲ್ಲಿ ಸಾವಿರ ಮುಖ ಇರುತ್ತೆ, ಯಾರೂ ಯಾರ ಹೆಸರನ್ನೂ ಕೇಳುತ್ತಿಲ್ಲ. ಇಲ್ಲಿ ಒಂದು ಮುಖ ಹಿಡಿದು ಹೆಸರು ಕೇಳಿದ್ದೇವೆ.

ಮಂಜು, ಹದಡಿ ರಸ್ತೆ

ಹಾಗಾದರೆ ಆ ಮುಖ ಹುಡುಕುವ ವೆಬ್‌ಸೈಟ್? ಫ್ರೆಂಡ್ ಒಬ್ಬ ಪಿಮ್‌ಐಸ್ ಅಂತ ಹೇಳಿದ. ಮುಖ ಮಾತ್ರ ಕತ್ತರಿಸಿ ಹಾಕಿದರೆ ಐಡಿ ದಾರ ಕಾಣಲ್ಲ ಅಲ್ವಾ?

ವೇದಾ ಎಸ್.

ಅದು ಹೇಗೆ ಕೆಲಸ ಮಾಡುತ್ತೆ ಹೇಳುತ್ತೇನೆ, ಆಮೇಲೆ ನೀವೇ ಯೋಚಿಸಿ.

ನೀವು ಮುಖ ಹಾಕಿದ ಕೂಡಲೇ ಅದು ಕಣ್ಣು, ಮೂಗು, ದವಡೆಯ ಅಳತೆಯಂಥದ್ದನ್ನೆಲ್ಲ ಒಂದು ಅಂಕಿಗಳ ಸಾಲಾಗಿ ಮಾಡುತ್ತೆ. ಆ ಸಾಲನ್ನು ತಾನು ಮೊದಲೇ ಇಂಟರ್ನೆಟ್ಟಿಂದ ಒಟ್ಟುಮಾಡಿದ ಮುಖಗಳ ಸಾಲುಗಳ ಜೊತೆ ಹೋಲಿಸುತ್ತೆ. ಹತ್ತಿರ ಇರುವವುಗಳನ್ನು ತೋರಿಸುತ್ತೆ. ಗಮನಿಸಿ, ಅದು "ಇವರೇ" ಅನ್ನುವುದಿಲ್ಲ, "ಇವರು ಹತ್ತಿರ" ಅನ್ನುತ್ತೆ. ಹೆಸರೂ ಕೊಡುವುದಿಲ್ಲ. ಮುಖಗಳ ಸಾಲು ತೋರಿಸುತ್ತೆ, ಅವು ಎಲ್ಲಿವೆ ಅನ್ನುವ ಲಿಂಕ್ ಬೇಕಾದರೆ ದುಡ್ಡು ಕಟ್ಟಿ ಅನ್ನುತ್ತೆ. ಆ ಲಿಂಕಿನ ಪುಟದಲ್ಲಿ ಹೆಸರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಲೆಕ್ಕ. ಉದಾಹರಣೆಗೆ ಅಂತ ತೆಗೆದುಕೊಳ್ಳಿ, ಹತ್ತು ಲಕ್ಷ ಬೇರೆಯವರ ಮುಖಕ್ಕೆ ಹೋಲಿಸಿದರೆ ಒಂದೇ ಒಂದು ಸಲ ತಪ್ಪು ಮಾಡುವ ಯಂತ್ರ. ಕೇಳಲು ಬಹಳ ಒಳ್ಳೆಯದು. ಅದರ ಸಂಗ್ರಹದಲ್ಲಿ ನೂರು ಕೋಟಿ ಮುಖ ಇದ್ದರೆ? ಸಾವಿರ ತಪ್ಪು ಮುಖಗಳು "ಹತ್ತಿರ" ಅಂತ ಬರುತ್ತವೆ. ನೀವು ಹುಡುಕುತ್ತಿರುವ ಅಕ್ಕನ ಒಂದೂ ಫೋಟೋ ಇಂಟರ್ನೆಟ್ಟಿನಲ್ಲಿ ಇಲ್ಲದಿದ್ದರೆ, ಬಂದದ್ದೆಲ್ಲ ತಪ್ಪೇ. ಆದರೂ ಪರದೆ ಖಾಲಿ ಕಾಣುವುದಿಲ್ಲ, ಯಾರೋ ಕಾಣುತ್ತಾರೆ. ನಮ್ಮ ಕಣ್ಣು ಅವರಲ್ಲೇ ಹೋಲಿಕೆ ಹುಡುಕಲು ಶುರುಮಾಡುತ್ತೆ.

ಅಮೆರಿಕದ ಎನ್ಐಎಸ್‌ಟಿ ಸಂಸ್ಥೆ 2019ರ ಡಿಸೆಂಬರಿನಲ್ಲಿ ಇಂಥ ಸಾಫ್ಟ್‌ವೇರುಗಳನ್ನು ಪರೀಕ್ಷೆ ಮಾಡಿ ವರದಿ ಕೊಟ್ಟಿತು. ಇಬ್ಬರು ಬೇರೆಯವರನ್ನು ಒಬ್ಬರೇ ಅನ್ನುವ ತಪ್ಪು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಇತ್ತು. ಪೊಲೀಸರೂ ಇದರಲ್ಲಿ ಎಡವಿದ್ದಾರೆ. ಡೆಟ್ರಾಯಿಟ್‌ನ ಒಂದು ವಾಚ್ ಕಳವಿನ ಕೇಸಿನಲ್ಲಿ, ಅಂಗಡಿ ಸಿಸಿಟಿವಿಯ ಮಸುಕು ಚಿತ್ರ ಒಬ್ಬನ ಹಳೇ ಲೈಸೆನ್ಸ್ ಫೋಟೋಗೆ ಹೊಂದುತ್ತೆ ಅಂತ ಯಂತ್ರ ಹೇಳಿತು. 2020ರ ಜನವರಿಯಲ್ಲಿ ಅವನನ್ನು ಮನೆ ಮುಂದೆಯೇ, ಹೆಂಡತಿ ಮಕ್ಕಳ ಎದುರು ಹಿಡಿದುಕೊಂಡು ಹೋದರು. ಅವನಲ್ಲ ಅಂತ ಆಮೇಲೆ ಗೊತ್ತಾಯಿತು.

ರೂಪಾ ಕೆ., ವಿದ್ಯಾನಗರ

ಈಗ ನಾನು ಮಾತಾಡಲೇಬೇಕು. ಗಿರೀಶ್ ಅವರು ಹೇಳಿದ ಟೈಲರ್ ಅಂಗಡಿ ನಮ್ಮ ಅತ್ತಿಗೆಯದು. ಫೋಟೋದಲ್ಲಿದ್ದವರು ನಮ್ಮ ಅತ್ತಿಗೆ ಅಲ್ಲ. ಆ ದಿನ ಅವರು ಹರಿಹರದಲ್ಲಿ ಮದುವೆ ಮನೆಯಲ್ಲಿದ್ದರು. ಕೂದಲು, ಮುಖದ ಕಟ್ಟು ಸ್ವಲ್ಪ ಹೋಲುತ್ತೆ, ಅಷ್ಟೇ.

ಪೋಸ್ಟ್ ತೆಗೆಯುವ ಮುಂಚೆ ಯಾರೋ ಸ್ಕ್ರೀನ್‌ಶಾಟ್ ತೆಗೆದು ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದಾರೆ. ಕೆಳಗೆ ಬರೆದಿರುವುದು ಏನು ಗೊತ್ತಾ? "ಬಸ್ ಸ್ಟ್ಯಾಂಡಿನಲ್ಲಿ ವಯಸ್ಸಾದವರಿಗೆ ಜ್ಯೂಸ್ ಕೊಟ್ಟ ಮಹಿಳೆ, ಗುರುತು ಸಿಕ್ಕರೆ ತಿಳಿಸಿ." ಮಂಜು ಬರೆದ ಮೇಲಿನ ಸಾಲುಗಳು ಇಲ್ಲ. ಓದಿದವರಿಗೆ ಏನು ಅನ್ನಿಸುತ್ತೆ? ಜ್ಯೂಸ್ ಕೊಟ್ಟು ಒಡವೆ ಕದ್ದಿದ್ದಾಳೆ ಅಂತ ತಾನೇ? ಒಬ್ಬರು ಅತ್ತಿಗೆಗೆ ಫೋನ್ ಮಾಡಿ "ಏನಮ್ಮ ಇದು" ಅಂತ ಕೇಳಿದ್ದಾರೆ. ಬ್ಲೌಸ್ ಕೊಟ್ಟಿದ್ದವರೊಬ್ಬರು ಬಂದು, ಹೊಲಿಗೆ ಆಗದಿದ್ದರೂ ಪರವಾಗಿಲ್ಲ ಅಂತ ಬಟ್ಟೆ ವಾಪಸ್ ತೆಗೆದುಕೊಂಡು ಹೋಗಿದ್ದಾರೆ.

ಗಡಿಯಾರ ಕಂಬ ಗಿರೀಶ

ನೋಡಿದರೆ ಹಾಗೇ ಇದ್ದರು ಮೇಡಂ. ನಾನು ಕೆಟ್ಟದ್ದು ಏನೂ ಬರೆದಿಲ್ಲವಲ್ಲ. ಸಹಾಯ ಮಾಡಿದವರು ಅಂತಲೇ ಹೇಳಿದ್ದು.

ರೂಪಾ ಕೆ., ವಿದ್ಯಾನಗರ

ನೀವು ಬರೆದಿದ್ದು ಅಂಗಡಿ ಹೆಸರು. ಜನ ಹೊತ್ತುಕೊಂಡು ಹೋಗಿದ್ದು ಅದನ್ನೇ. ಆ ಗ್ರೂಪಿಗೆ ಹೋಗಿ "ನಾನು ಹೇಳಿದ್ದು ತಪ್ಪು, ಇವರಲ್ಲ" ಅಂತ ಬರೆಯಿರಿ. ನಾವು ಬರೆದರೆ ನಂಬುತ್ತಿಲ್ಲ, ಮನೆಯವರು ಹಾಗೇ ಹೇಳುತ್ತಾರೆ ಅನ್ನುತ್ತಾರೆ.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ

2018ರ ಜುಲೈ ನೆನಪಿದೆಯಾ? ಬೀದರ್ ಜಿಲ್ಲೆಯ ಔರಾದ್ ಕಡೆ, ಹೈದರಾಬಾದಿನಿಂದ ಕಾರಿನಲ್ಲಿ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪಿನಲ್ಲಿ ವಿಡಿಯೋ, ಫೋಟೋ ಹರಿದಾಡಿದವು. ಅವರಿಗಿಂತ ಮುಂಚೆ ಸುದ್ದಿ ಮುಂದಿನ ಊರು ಮುಟ್ಟಿತ್ತು. ಮುರ್ಕಿ ಎಂಬಲ್ಲಿ ಕಾರು ತಡೆದು ಹೊಡೆದರು, ಒಬ್ಬ ಎಂಜಿನಿಯರ್ ಸತ್ತೇ ಹೋದ. ಅದೇ ತಿಂಗಳು ವಾಟ್ಸ್‌ಆ್ಯಪ್‌ನವರು ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಕಡಿವಾಣ ಹಾಕಿದರು. ಮಂಜುವಿನ ವಿಷಯ ಅಷ್ಟು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಅಲ್ಲೂ ಜನ ನೋಡಿದ್ದು ಮುಖ ಮತ್ತು ಒಂದು ಸಾಲು, ಇಲ್ಲೂ ಅಷ್ಟೇ.

ಮಂಜು, ಹದಡಿ ರಸ್ತೆ

ರೂಪಕ್ಕ, ಆ ಗ್ರೂಪಿನ ಅಡ್ಮಿನ್ ನಂಬರ್ ಪರ್ಸನಲ್ ಆಗಿ ಕಳಿಸಿ, ನಾನೇ ಮಾತಾಡುತ್ತೇನೆ. ಅಂಗಡಿಗೂ ಅಮ್ಮನನ್ನು ಕರೆದುಕೊಂಡು ಬರುತ್ತೇನೆ, ಅಮ್ಮನೇ "ಈಕೆ ಅಲ್ಲ, ಮತ್ತೆ ಆ ಹುಡುಗಿ ಏನೂ ಕದ್ದಿಲ್ಲ" ಅಂತ ಹೇಳಲಿ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ವೆಬ್‌ಸೈಟಿಗೆ ಹಾಕಿದರೆ ಊರವರ ಕೈಗೆ ಸಿಗಲ್ಲ. ನಾನೊಬ್ಬನೇ ನೋಡುತ್ತೇನೆ. ಅದರಲ್ಲಿ ಆಕೆಗೆ ಏನು ನಷ್ಟ?

ವೇದಾ ಎಸ್.

ಒಳ್ಳೆಯ ಪ್ರಶ್ನೆ. ಸರಿಯಾದ ವ್ಯಕ್ತಿಯೇ ಸಿಕ್ಕರು ಅಂತಲೇ ಇಟ್ಟುಕೊಳ್ಳೋಣ.

ನೀವು ಹುಡುಕಿದ್ದು ಹೆಸರು. ಸಿಗುವುದು ಹೆಸರೊಂದೇ ಅಲ್ಲ, ಆ ಮುಖ ಎಲ್ಲೆಲ್ಲಿ ಇದೆಯೋ ಅಷ್ಟೂ ಪುಟ. ಕಾಲೇಜಿನ ಗ್ರೂಪ್ ಫೋಟೋ, ಹಳೇ ಕಂಪನಿಯ ಪುಟ, ಯಾವುದೋ ಆಸ್ಪತ್ರೆ ಶಿಬಿರದ ಸುದ್ದಿ, ಅಳಿಸಿದ್ದೇನೆ ಅಂದುಕೊಂಡ ಹಳೇ ಬ್ಲಾಗು. ಅವರು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರಿಗೆ ತೋರಿಸಿದ ಬದುಕಿನ ತುಣುಕುಗಳು ಒಂದೇ ಕಡೆ ಬರುತ್ತವೆ. ಗಂಡನ ಮನೆ ಬಿಟ್ಟು ಬೇರೆ ಊರಿಗೆ ಬಂದು ಹೊಸ ನಂಬರ್ ತೆಗೆದುಕೊಂಡ ಹೆಂಗಸರು ನಮ್ಮ ನಡುವೆ ಎಷ್ಟಿಲ್ಲ? ಆಕೆ ಹಾಗೆ ಅಂತ ನಾನು ಹೇಳುತ್ತಿಲ್ಲ. ನಮಗೆ ಗೊತ್ತಿಲ್ಲ, ಅದೇ ವಿಷಯ. ಆಕೆ ನಿಮ್ಮ ಅಮ್ಮನ ಜೊತೆ ಅಷ್ಟು ಹೊತ್ತು ಕೂತಿದ್ದರು. ಹೆಸರು, ನಂಬರ್ ಕೊಡಬೇಕು ಅನ್ನಿಸಿದ್ದರೆ ಕೊಡುತ್ತಿದ್ದರು.

ಇದು ಬರೀ ಊಹೆಯಲ್ಲ. ರಷ್ಯಾದಲ್ಲಿ 2016ರಲ್ಲಿ ಫೈಂಡ್‌ಫೇಸ್ ಅಂತ ಒಂದು ಸೇವೆ ಬಂತು. ಬೀದಿಯಲ್ಲಿ ಕಂಡವರ ಫೋಟೋ ಹಾಕಿದರೆ ಅಲ್ಲಿನ ದೊಡ್ಡ ಸೋಷಿಯಲ್ ನೆಟ್‌ವರ್ಕಿನಲ್ಲಿ ಅವರ ಖಾತೆ ಹುಡುಕಿ ಕೊಡುತ್ತಿತ್ತು. ಸ್ನೇಹ ಬೆಳೆಸಲು ಅಂತ ಪ್ರಚಾರ. ಬಂದ ಕೆಲವೇ ವಾರಗಳಲ್ಲಿ ಒಂದು ಗುಂಪು ಅದನ್ನು ಬಳಸಿ ಹೆಣ್ಣುಮಕ್ಕಳ ಗುಟ್ಟು ಬಯಲು ಮಾಡಿ, ಅವರ ಮನೆಯವರಿಗೆ, ಸ್ನೇಹಿತರಿಗೆ ಸಂದೇಶ ಕಳಿಸಿ ಹಿಂಸೆ ಕೊಡಲು ಶುರುಮಾಡಿತು. 2024ರಲ್ಲಿ ಹಾರ್ವರ್ಡಿನ ಇಬ್ಬರು ವಿದ್ಯಾರ್ಥಿಗಳು ಕ್ಯಾಮೆರಾ ಇರುವ ಕನ್ನಡಕ ಹಾಕಿಕೊಂಡು, ನೀವು ಹೇಳಿದ ಅದೇ ಪಿಮ್‌ಐಸ್ ಜೋಡಿಸಿ, ಎದುರಿಗೆ ಬಂದ ಅಪರಿಚಿತರ ಹೆಸರು, ವಿಳಾಸ ತೆಗೆದು ತೋರಿಸಿದರು. ಎಷ್ಟು ಸುಲಭ ಅಂತ ಜನಕ್ಕೆ ಗೊತ್ತಾಗಲಿ ಅಂತ ಮಾಡಿದ್ದು. ಆ ಸಾಫ್ಟ್‌ವೇರನ್ನು ಅವರು ಯಾರಿಗೂ ಕೊಡಲಿಲ್ಲ.

"ನಾನೊಬ್ಬನೇ ನೋಡುತ್ತೇನೆ" ಅನ್ನುವುದೂ ಪೂರ್ತಿ ನಿಜ ಅಲ್ಲ. ಕಂಪನಿಯೂ ನೋಡುತ್ತೆ. ದೊಡ್ಡ ಕಂಪನಿ ಬಿಡಿ, ಅದೇ ಹೆಸರಿನ ಹಾಗೆ ಕಾಣುವ ನಕಲಿ ಸೈಟುಗಳು, ಆ್ಯಪುಗಳು ಎಷ್ಟೋ ಇವೆ. ಫೋಟೋ ಯಾರ ಕೈಗೆ ಹೋಯಿತು, ಎಷ್ಟು ದಿನ ಇಡುತ್ತಾರೆ ಅಂತ ಯಾರನ್ನು ಕೇಳುತ್ತೀರಿ?

ವಕೀಲರ ಮಗ

ಅದಕ್ಕೇ ನಾನು ಕಾನೂನು ಹೇಳಿದ್ದು.

ವೇದಾ ಎಸ್.

ಕಾನೂನಿನ ದಿಕ್ಕು ಸರಿ ಹೇಳಿದಿರಿ, ವಿವರ ಅಲ್ಲ. 250 ಕೋಟಿ ಅನ್ನುವುದು ದತ್ತಾಂಶ ಇಟ್ಟುಕೊಂಡ ಸಂಸ್ಥೆ ಅದನ್ನು ಸರಿಯಾಗಿ ಕಾಪಾಡದಿದ್ದರೆ ಇರುವ ಗರಿಷ್ಠ ದಂಡ. ಒಬ್ಬ ವ್ಯಕ್ತಿ ಸ್ವಂತಕ್ಕೆ, ಮನೆಮಟ್ಟಿಗೆ ಮಾಡುವುದಕ್ಕೆ ಆ ಕಾಯ್ದೆಯ 3ನೇ ಸೆಕ್ಷನ್ ವಿನಾಯಿತಿ ಕೊಡುತ್ತೆ. ನಿಯಮಗಳು ಬಂದಿದ್ದೇ 2025ರ ನವೆಂಬರಿನಲ್ಲಿ, ಮುಖ್ಯ ಭಾಗ ಜಾರಿಗೆ ಅಲ್ಲಿಂದ 18 ತಿಂಗಳು. ಹಾಗಾಗಿ ಮಂಜುವಿನ ಬೈಕಿಗೆ ಅಪಾಯ ಇಲ್ಲ.

ವಕೀಲರ ಮಗ

ಸಾವಿರಾರು ಜನ ಇರುವ ವೇದಿಕೆಗೆ ಹಾಕಿದರೆ ಅದು "ಮನೆಮಟ್ಟಿಗೆ" ಹೇಗಾಗುತ್ತೆ?

ವೇದಾ ಎಸ್.

ಅದು ನ್ಯಾಯವಾದ ಪ್ರಶ್ನೆ. ನನ್ನ ಪ್ರಕಾರ ಆಗಲ್ಲ. ಕೋರ್ಟು ಏನು ಅನ್ನುತ್ತೋ ನೋಡಬೇಕು. ಆದರೆ ಹೆಣ್ಣುಮಗಳು ಬೇಡ ಅಂದಮೇಲೂ ಹಿಂದೆ ಬಿದ್ದು ಸಂಪರ್ಕ ಮಾಡುತ್ತಲೇ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಈಗಲೇ ಇದೆ. ರೂಪಾ, ಅತ್ತಿಗೆಗೆ ಕಿರುಕುಳ ಮುಂದುವರಿದರೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಠಾಣೆಗೆ ಹೋಗಿ. ಗ್ರೂಪಿನ ಹೆಸರು, ಹಾಕಿದವರ ನಂಬರ್, ಸಮಯ ಮೂರೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. cybercrime.gov.in ನಲ್ಲೂ ದೂರು ಕೊಡಬಹುದು.

ನೌಷಾದ್ (ಸ್ಟುಡಿಯೋ)

ಒಂದು ನಮ್ಮ ಕಸುಬಿನ ಮಾತು. ಮಂಜು, ಆ ಫೋಟೋವನ್ನು ಯಾರಿಗಾದರೂ ವಾಟ್ಸ್‌ಆ್ಯಪಿನಲ್ಲಿ "ಡಾಕ್ಯುಮೆಂಟ್" ಅಂತ ಕಳಿಸಿದ್ದೀಯಾ? ಸುಮ್ನೆ ಫೋಟೋ ಅಂತ ಕಳಿಸಿದರೆ ಒಳಗಿರುವ ಲೊಕೇಶನ್, ಟೈಮ್ ಎಲ್ಲಾ ಕಿತ್ತುಹೋಗುತ್ತೆ. ಡಾಕ್ಯುಮೆಂಟ್ ಆದರೆ ಹಾಗೇ ಹೋಗುತ್ತೆ. ಕಸ್ಟಮರ್‌ಗಳು ಪ್ರಿಂಟಿಗೆ ಅಂತ ಹಾಗೇ ಕಳಿಸುತ್ತಾರೆ, ಎಷ್ಟೋ ಸಲ ಅವರ ಮನೆ ಎಲ್ಲಿದೆ ಅಂತ ನನ್ನ ಕಂಪ್ಯೂಟರ್ ಮ್ಯಾಪಿನಲ್ಲಿ ತೋರಿಸುತ್ತೆ.

ಮಂಜು, ಹದಡಿ ರಸ್ತೆ

ಇಲ್ಲಣ್ಣ, ತಂಗಿಗೆ ಮಾಮೂಲಿ ಫೋಟೋ ಆಗಿ ಕಳಿಸಿದ್ದು.

ಸರಿ, ವೆಬ್‌ಸೈಟ್ ಬೇಡ. ಆದರೆ ಅಮ್ಮನಿಗೆ ಏನು ಹೇಳಲಿ?

ಸುಜಾತ ಪಿ.

ನಾನೊಂದು ಹೇಳಲಾ ತಮ್ಮ? ಅಮ್ಮನಿಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಕೊಟ್ಟಿರುತ್ತಾರಲ್ಲ, ಅದು ಪರ್ಸಿನಲ್ಲಿ ಇದೆಯಾ ನೋಡು. ಯಾವ ಬಸ್, ಎಷ್ಟು ಹೊತ್ತು ಅಂತ ಗೊತ್ತಾಗುತ್ತೆ. ಆ ಹುಡುಗಿಯೂ ಅದೇ ಬಸ್ಸಿನಲ್ಲಿ ಬಂದಿದ್ದರೆ ದಿನಾ ಓಡಾಡುವವಳೇ ಇರಬೇಕು. ಕಂಡಕ್ಟರ್‌ಗೆ ಮುಖ ಪರಿಚಯ ಇರುತ್ತೆ.

ವೇದಾ ಎಸ್.

ಅಕ್ಕ ಹೇಳಿದ್ದು ಚೆನ್ನಾಗಿದೆ, ಒಂದು ಬದಲಾವಣೆ ಮಾಡಿ. ಕಂಡಕ್ಟರ್ ಹತ್ತಿರ ಆಕೆಯ ಹೆಸರು ಕೇಳಬೇಡಿ, ಫೋಟೋನೂ ತೋರಿಸಬೇಡಿ. ನಿಮ್ಮ ಹೆಸರು, ನಂಬರ್ ಬರೆದ ಒಂದು ಚೀಟಿ ಕೊಡಿ. "ಇಂಥ ದಿನ ನಮ್ಮ ಅಮ್ಮನಿಗೆ ಜ್ಯೂಸ್ ಕುಡಿಸಿದ ಅಕ್ಕ ಸಿಕ್ಕರೆ ಇದನ್ನು ಕೊಡಿ" ಅನ್ನಿ. ಬೇಕಿದ್ದರೆ ಅವರು ಫೋನ್ ಮಾಡುತ್ತಾರೆ. ಇಲ್ಲೂ ಅದನ್ನೇ ಬರೆಯಿರಿ, ಆದರೆ ಒಂದು ವಿವರ ಮುಚ್ಚಿಡಿ, ಜ್ಯೂಸ್ ಯಾವುದು ಅಂತ. ಯಾರೋ "ನಾನೇ" ಅಂತ ಬಂದರೆ ಕೇಳಲು ಒಂದು ಪ್ರಶ್ನೆ ಇರಲಿ.

ಗಡಿಯಾರ ಕಂಬ ಗಿರೀಶ

ಗ್ರೂಪಿನಲ್ಲಿ ಬರೆದಿದ್ದೇನೆ ರೂಪಾ ಮೇಡಂ. ಅಡ್ಮಿನ್ ಆ ಮೆಸೇಜ್ ಅಳಿಸಿದ್ದಾರೆ. ಆದರೆ ಇನ್ನೆರಡು ಗ್ರೂಪಿಗೆ ಆಗಲೇ ಹೋಗಿದೆಯಂತೆ.

ರೂಪಾ ಕೆ., ವಿದ್ಯಾನಗರ

ಗೊತ್ತು. ಒಂದರಲ್ಲಿ ನಮ್ಮ ಅಣ್ಣ ಇದ್ದಾರೆ, ಇನ್ನೊಂದು ಯಾವುದು ಅಂತ ಹುಡುಕುತ್ತಿದ್ದೇವೆ. ವೇದಾ ಮೇಡಂ, ಒಂದು ಅನುಮಾನ. ಅತ್ತಿಗೆ ತಮ್ಮ ಮುಖವನ್ನು ಆ ಹುಡುಕುವ ಸೈಟಿನಿಂದಲೇ ತೆಗೆಸಬಹುದಾ? ಅಂಗಡಿ ಪ್ರಚಾರಕ್ಕೆ ಅಂತ ಅವರ ಫೋಟೋ ಎರಡು ಮೂರು ಕಡೆ ಇದೆ.

ವೇದಾ ಎಸ್.

ಪಿಮ್‌ಐಸ್‌ನಲ್ಲಿ ಹಾಗೆ ಕೇಳಲು ಒಂದು ಫಾರ್ಮ್ ಇದೆ. ವಿಚಿತ್ರ ಏನೆಂದರೆ, ಅದಕ್ಕೆ ಅವರ ಫೋಟೋ ಮತ್ತು ಒಂದು ಗುರುತಿನ ಚೀಟಿಯ ಪ್ರತಿಯನ್ನೇ ಕೊಡಬೇಕು. ಚೀಟಿಯಲ್ಲಿ ಮುಖ ಬಿಟ್ಟು ಉಳಿದಿದ್ದನ್ನು ಮುಚ್ಚಬಹುದು. ಕೊಟ್ಟರೂ ಅದು ಆ ಒಂದು ಸೈಟಿನ ಫಲಿತಾಂಶದಿಂದ ಮಾತ್ರ ಹೋಗುತ್ತೆ, ಮೂಲ ಫೋಟೋ ಇದ್ದಲ್ಲೇ ಇರುತ್ತೆ. ಹಾಗಾಗಿ ಮೊದಲು ಅಂಗಡಿ ಪುಟದಲ್ಲಿ ಮುಖ ಇರುವ ಫೋಟೋ ಬದಲಿಸಿ ಬ್ಲೌಸಿನದ್ದೇ ಹಾಕಿ. ಫಾರ್ಮ್ ತುಂಬಬೇಕಾ ಬೇಡವಾ ಅನ್ನುವುದರಲ್ಲಿ ನಮ್ಮ ಕಸುಬಿನವರಲ್ಲೇ ಒಮ್ಮತ ಇಲ್ಲ.

ನೌಷಾದ್ (ಸ್ಟುಡಿಯೋ)

ತೆಗೆಸಲು ಮತ್ತೆ ಮುಖ ಕೊಡಬೇಕಾ? ನಾನಾದರೆ ಕೊಡಲ್ಲಪ್ಪ.

ರೂಪಾ ಕೆ., ವಿದ್ಯಾನಗರ

ಅತ್ತಿಗೆಯೂ ಅದನ್ನೇ ಹೇಳಿದರು. ಅಂಗಡಿ ಪುಟದ ಫೋಟೋ ಮಾತ್ರ ಇವತ್ತು ಬದಲಿಸಿದ್ದೇವೆ.

ಮಂಜು, ಹದಡಿ ರಸ್ತೆ

ಟಿಕೆಟ್ ಸಿಕ್ಕಿತು, ಅಮ್ಮನ ಚಿಲ್ಲರೆ ಪರ್ಸಿನ ಅಡಿಯಲ್ಲಿ ಮಡಚಿ ಇಟ್ಟಿದ್ದರು. ನಾಳೆ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಕಂಟ್ರೋಲರ್ ಹತ್ತಿರ ಕೇಳುತ್ತೇನೆ. ರೂಪಕ್ಕ, ಅಲ್ಲಿಂದ ನೇರ ನಿಮ್ಮ ಅತ್ತಿಗೆ ಅಂಗಡಿಗೆ ಅಮ್ಮನ ಜೊತೆ ಬರುತ್ತೇನೆ. ಎಷ್ಟು ಹೊತ್ತಿಗೆ ತೆಗೆಯುತ್ತಾರೆ?

ರೂಪಾ ಕೆ., ವಿದ್ಯಾನಗರ

ಹತ್ತಕ್ಕೆ. ಅಕ್ಕಪಕ್ಕದ ಅಂಗಡಿಯವರು ಇರುವಾಗಲೇ ಬನ್ನಿ.